ಗಂಟೆ ಹೊಡೆಯುವ ಮೊದಲೋ, ಆಮೇಲೋ

(ಜಿಲ್ಲಾ ಕೇಂದ್ರವೊಂದರಲ್ಲಿ ವರದಿಗಾರರಿಗೂ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಒಂದು ಬೆಳಿಗ್ಗೆಯಿಂದ ಮಾತು ಆರಂಭಿಸುತ್ತೇನೆ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ದಿನ. ಹತ್ತೂವರೆಗೆ ಪರೀಕ್ಷೆಯ ಗಂಟೆ. ಒಂಬತ್ತು ಇಪ್ಪತ್ತಕ್ಕೆ ನನ್ನ ವಾಟ್ಸ್‌ಆ್ಯಪ್‌ಗೆ ಒಂದು ಚಿತ್ರ ಬಂತು. ಪ್ರಶ್ನೆಪತ್ರಿಕೆಯ ಒಂದು ಪುಟ. ಮೇಲಿನ ಅಂಚು ಕತ್ತರಿಸಿ ಹೋಗಿದೆ, ಎಡಗಡೆ ಮಡಿಕೆಯ ಗೆರೆ, ಬಲಗಡೆಯ ಮೂಲೆಯಲ್ಲಿ ಹಾಳೆ ಹಿಡಿದವರ ಹೆಬ್ಬೆರಳು. ಕೆಳಗೆ ಬರೆದಿತ್ತು: "ಇವತ್ತಿನ ಗಣಿತ ಪೇಪರ್ ಲೀಕ್. ಎಲ್ಲ ಗ್ರೂಪಿಗೂ ಕಳಿಸಿ." ಹತ್ತು ನಿಮಿಷದೊಳಗೆ ಇನ್ನೂ ಮೂವರು ಅದನ್ನೇ ಕಳಿಸಿದರು. ಒಬ್ಬರು ಶಿಕ್ಷಕರು, ಒಬ್ಬರು ಪೋಷಕರು, ಒಬ್ಬರು ನಮ್ಮದೇ ವೃತ್ತಿಯವರು. ನಾಲ್ಕು ಕಡೆಯಿಂದ ಬಂತಲ್ಲ, ನಾಲ್ಕು ಮೂಲಗಳಾದವು ಎಂದು ಒಂದು ಕ್ಷಣ ಮನಸ್ಸು ಹೇಳಿತು. ಆದರೆ ನಾಲ್ಕು ಚಿತ್ರಗಳಲ್ಲೂ ಅದೇ ಹೆಬ್ಬೆರಳು, ಅದೇ ಮಡಿಕೆ. ನಾಲ್ವರು ಕಳಿಸಿದ್ದರೂ ಮೂಲ ಒಂದೇ, ಆ ಒಂದು ಮೂಲ ಯಾರೆಂಬುದು ನಾಲ್ವರಿಗೂ ತಿಳಿದಿರಲಿಲ್ಲ.

ಅಷ್ಟರಲ್ಲಿ ಒಂದು ಕರೆ ಬಂತು. ಪತ್ರಿಕೆಯ ಪರೀಕ್ಷಾ ಪುಟದ ಕೆಳಗೆ ನನ್ನ ಸಂಖ್ಯೆ ಅಚ್ಚಾಗುತ್ತಿತ್ತು. ಆ ಕಡೆ ಒಬ್ಬ ಹುಡುಗಿ, ಅಪ್ಪನ ಮೊಬೈಲಿನಿಂದ ಮಾತನಾಡುತ್ತಿದ್ದಳು. ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ನಿಂತಿದ್ದಾಳೆಂಬುದು ಹಿನ್ನೆಲೆಯ ಗದ್ದಲದಲ್ಲೇ ತಿಳಿಯುತ್ತಿತ್ತು. "ಸರ್, ಪೇಪರ್ ಸೋರಿಕೆಯಾಗಿದೆಯಂತೆ. ಪರೀಕ್ಷೆ ನಡೆಯುತ್ತದೆಯೋ ಇಲ್ಲವೋ? ಒಳಗೆ ಹೋಗಬೇಕೋ ಬೇಡವೋ?"

ಆ ಚಿತ್ರ ನಿಜವೋ ಸುಳ್ಳೋ ಆಗ ನನಗೆ ಗೊತ್ತಿರಲಿಲ್ಲ. ಆದರೆ ಅವಳು ಅದನ್ನು ಕೇಳಿಯೂ ಇರಲಿಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಗೊತ್ತಿತ್ತು. ಪರೀಕ್ಷೆಯನ್ನು ರದ್ದು ಮಾಡುವ ಅಧಿಕಾರ ಮಂಡಳಿಗಿದೆ, ಮಂಡಳಿ ರದ್ದು ಮಾಡಿಲ್ಲ. "ಪರೀಕ್ಷೆ ನಡೆಯುತ್ತದೆ ಮಗು, ಒಳಗೆ ಹೋಗು" ಎಂದೆ. ಸೋರಿಕೆಯ ಸುದ್ದಿ ಬರೆಯುವಾಗ ನಮ್ಮ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಏನಾಯಿತು ಎಂಬುದು ಒಂದು, ವಿದ್ಯಾರ್ಥಿ ಈಗ ಏನು ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗುವುದಕ್ಕೆ ಗಂಟೆಗಳು ಬೇಕು, ಕೆಲವೊಮ್ಮೆ ತಿಂಗಳುಗಳು ಬೇಕು. ಎರಡನೆಯದಕ್ಕೆ ಆ ನಿಮಿಷದಲ್ಲೇ ಉತ್ತರವಿರುತ್ತದೆ. ನಾವು ಮೊದಲನೆಯದರ ಹಿಂದೆ ಓಡುತ್ತಾ ಎರಡನೆಯದನ್ನು ಬಿಟ್ಟುಬಿಡುತ್ತೇವೆ. ಗೇಟಿನ ಹೊರಗೆ ನಿಂತ ಮಗುವಿಗೆ ಬೇಕಿರುವುದು ಎರಡನೆಯದು.

ಆ ಚಿತ್ರ ಏನಾಯಿತು ಹೇಳುತ್ತೇನೆ. ಪರಿಚಯದ ಗಣಿತ ಶಿಕ್ಷಕರೊಬ್ಬರಿಗೆ ಕರೆ ಮಾಡಿದೆ. ಚಿತ್ರವನ್ನು ಅವರಿಗೆ ಕಳಿಸಲಿಲ್ಲ. ಕಳಿಸಿದ್ದರೆ ಅದು ಇನ್ನೊಂದು ಮೊಬೈಲಿಗೆ ಹೋದಂತಾಗುತ್ತಿತ್ತು, ಅಲ್ಲಿಂದ ಇನ್ನೆಲ್ಲಿಗೋ. ಒಂದು ಲೆಕ್ಕವನ್ನು ಮಾತ್ರ ಓದಿ ಹೇಳಿದೆ. ಶಂಕುವಿನಾಕಾರದ ಡೇರೆಗೆ ಎಷ್ಟು ಬಟ್ಟೆ ಬೇಕು ಎಂಬ ಲೆಕ್ಕ, ಅದರ ಅಳತೆಗಳ ಸಮೇತ. ಅವರು ನಾನು ಮುಗಿಸುವ ಮೊದಲೇ ತಡೆದರು. "ಇದು ಹೋದ ತಿಂಗಳ ಪೂರ್ವಸಿದ್ಧತಾ ಪರೀಕ್ಷೆಯದು. ನಾನೇ ಮೌಲ್ಯಮಾಪನ ಮಾಡಿದ್ದೇನೆ. ಅರ್ಧ ತರಗತಿ ಓರೆ ಎತ್ತರ ಕಂಡುಹಿಡಿಯದೆ ನೇರ ಎತ್ತರವನ್ನೇ ಹಾಕಿ ತಪ್ಪು ಮಾಡಿತ್ತು." ಹಳೆಯ ಹಾಳೆಯೊಂದನ್ನು ತೆಗೆದುಕೊಂಡು, ಪರೀಕ್ಷೆಯ ಹೆಸರೂ ದಿನಾಂಕವೂ ಇದ್ದ ಮೇಲಿನ ಅಂಚನ್ನು ಯಾರೋ ಕತ್ತರಿಸಿದ್ದರು. ಚಿತ್ರದಲ್ಲಿ ಕಾಣುತ್ತಿದ್ದುದರಲ್ಲಿ ಸುಳ್ಳಿರಲಿಲ್ಲ. ಕತ್ತರಿಸಿ ಹೋದ ಭಾಗದಲ್ಲಿ ಸತ್ಯವಿತ್ತು.

ಇದನ್ನು ತಿಳಿಯಲು ಹಿಡಿದದ್ದು ಇಪ್ಪತ್ತೈದು ನಿಮಿಷ. ಅಷ್ಟರೊಳಗೆ ಒಂದು ಸ್ಥಳೀಯ ವಾಹಿನಿಯ ಪರದೆಯಲ್ಲಿ "ಗಣಿತ ಪ್ರಶ್ನೆಪತ್ರಿಕೆ ಸೋರಿಕೆ?" ಎಂದು ಕೆಂಪು ಪಟ್ಟಿ ಓಡಲು ಶುರುವಾಗಿತ್ತು. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇವಲ್ಲ ಎಂದು ಅವರು ಆಮೇಲೆ ಹೇಳಿದರು. ಈ ವಿಷಯದಲ್ಲಿ ನನಗೆ ಸ್ವಲ್ಪವೂ ರಾಜಿಯಿಲ್ಲ. ಓದುವವನು ಆ ಚಿಹ್ನೆಯನ್ನು ಓದುವುದಿಲ್ಲ, "ಸೋರಿಕೆ" ಎಂಬ ಪದವನ್ನು ಓದುತ್ತಾನೆ. ನಮಗೆ ಗೊತ್ತಿಲ್ಲದ್ದನ್ನು ಅವನ ತಲೆಗೆ ಕಟ್ಟಲು ನಾವು ಕಂಡುಕೊಂಡಿರುವ ಅತಿ ಸುಲಭದ ಉಪಾಯ ಆ ಚಿಹ್ನೆ.

ಆ ಹುಡುಗಿ ಪರೀಕ್ಷೆಯೆಲ್ಲ ಮುಗಿದ ಮೇಲೆ ಮತ್ತೊಮ್ಮೆ ಕರೆ ಮಾಡಿದಳು. ನನಗೆ ಕರೆ ಮಾಡುವ ಮೊದಲಿನ ಅರ್ಧ ಗಂಟೆ ಅವಳೂ ಅವಳ ಗೆಳತಿಯರೂ ಗೇಟಿನ ಬಳಿಯ ಕಟ್ಟೆಯ ಮೇಲೆ ಕುಳಿತು ಆ ಚಿತ್ರದ ಲೆಕ್ಕಗಳನ್ನೇ ಬಿಡಿಸುತ್ತಿದ್ದರಂತೆ. ವೃತ್ತಕ್ಕೆ ಸ್ಪರ್ಶಕ ಎಳೆಯುವ ರಚನೆಯನ್ನು ಕೊನೆಯಲ್ಲೊಮ್ಮೆ ನೋಡಿಕೊಳ್ಳಬೇಕೆಂದು ಅವಳು ಪುಟಕ್ಕೆ ಗುರುತಿಟ್ಟುಕೊಂಡು ಬಂದಿದ್ದಳು. ನೋಡಲಾಗಲಿಲ್ಲ. ಗಾಳಿಸುದ್ದಿಯಿಂದ ವಿದ್ಯಾರ್ಥಿಗೆ ಏನು ನಷ್ಟ ಎಂದು ಯಾರಾದರೂ ಕೇಳಿದಾಗ ನನಗೆ ನೆನಪಾಗುವುದು ಗುರುತಿಟ್ಟೂ ತೆರೆಯದೆ ಉಳಿದ ಆ ಪುಟ.

ಹಾಗೆಂದು ಸೋರಿಕೆಯೆಲ್ಲ ಸುಳ್ಳು ಎಂದು ತಿಳಿಯಬೇಡಿ. ನಮ್ಮ ರಾಜ್ಯ 2016ನ್ನು ಮರೆಯುವಂತಿಲ್ಲ. ಆ ವರ್ಷ ಮಾರ್ಚ್ 21ರಂದು ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪರೀಕ್ಷೆ ನಡೆಯಿತು. ಪತ್ರಿಕೆ ಮೊದಲೇ ಹೊರಬಿದ್ದಿತ್ತೆಂದು ಖಚಿತವಾಗಿ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ಮಾರ್ಚ್ 31ಕ್ಕೆ ಎಂದರು. ಆ ಪತ್ರಿಕೆಯೂ ಸೋರಿ, ಅಂದು ಬೆಳಿಗ್ಗೆ ಪರೀಕ್ಷೆ ಆರಂಭವಾಗುವ ಮೊದಲೇ ಅದನ್ನೂ ರದ್ದು ಮಾಡಬೇಕಾಯಿತು. ಕೊನೆಗೆ ಏಪ್ರಿಲ್ 12ರಂದು ಪರೀಕ್ಷೆ ನಡೆಯಿತು. ಸುಮಾರು 1.74 ಲಕ್ಷ ಮಕ್ಕಳು ಒಂದೇ ವಿಷಯಕ್ಕೆ ಮೂರು ಸಲ ಸಿದ್ಧರಾದರು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಪಿಯು ಇಲಾಖೆಯ ಕಚೇರಿಯ ಮುಂದೆ ವಿದ್ಯಾರ್ಥಿಗಳೂ ಪೋಷಕರೂ ಪ್ರತಿಭಟಿಸಿದರು, ತನಿಖೆ ಸಿಐಡಿಗೆ ಹೋಯಿತು. ಮುಂದಿನ ವರ್ಷ ಖಜಾನೆಗಳಲ್ಲಿ ಕ್ಯಾಮೆರಾ ಕಣ್ಗಾವಲನ್ನೂ ಒಳಗೊಂಡ ಹೊಸ ಸುರಕ್ಷಿತ ಪರೀಕ್ಷಾ ವ್ಯವಸ್ಥೆ ಜಾರಿಗೆ ಬಂದದ್ದು ಈ ಪ್ರಕರಣದ ಬಳಿಕವೇ.

ಆ ದಿನಗಳಿಂದ ಕಲಿಯಬೇಕಾದದ್ದು ಪತ್ರಿಕೆ ಸಾಗುವ ದಾರಿ. ಪ್ರಶ್ನೆಪತ್ರಿಕೆ ಮುದ್ರಣಾಲಯದಿಂದ ಹೊರಟು ಮುಚ್ಚಿದ ಲಕೋಟೆಗಳ ಬಂಡಲುಗಳಾಗಿ ಜಿಲ್ಲಾ ಖಜಾನೆ, ಉಪಖಜಾನೆಗಳ ಭದ್ರತಾ ಕೊಠಡಿ ಸೇರುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ಅದನ್ನು ತೆಗೆದುಕೊಂಡು ಮಾರ್ಗಾಧಿಕಾರಿಗಳು ನಿಗದಿಯಾದ ಮಾರ್ಗದಲ್ಲಿ ಕೇಂದ್ರಗಳಿಗೆ ತಲುಪಿಸುತ್ತಾರೆ. ಅಲ್ಲಿ ಮುಖ್ಯ ಅಧೀಕ್ಷಕರು ಸಾಕ್ಷಿಗಳ ಎದುರು ಲಕೋಟೆ ತೆರೆಸಿ, ಸಹಿ ಪಡೆದು, ಕೊಠಡಿಗಳಿಗೆ ಹಂಚಿಸುತ್ತಾರೆ. ಪ್ರತಿ ಹಂತದಲ್ಲೂ ಒಂದು ಸಹಿ, ಒಂದು ಸಮಯ ದಾಖಲಾಗುತ್ತದೆ. ಹೀಗಾಗಿ ವರದಿಗಾರ ಅಧಿಕಾರಿಗೆ "ಸೋರಿಕೆಯಾಗಿದೆಯಾ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರದ ಹೊರತು ಬೇರೇನೂ ಸಿಗುವುದಿಲ್ಲ. "ನಿಮ್ಮ ತಾಲ್ಲೂಕಿನ ಬಂಡಲುಗಳು ಖಜಾನೆಯಿಂದ ಎಷ್ಟು ಹೊತ್ತಿಗೆ ಹೊರಟವು, ಕೇಂದ್ರದಲ್ಲಿ ಲಕೋಟೆ ಎಷ್ಟು ಹೊತ್ತಿಗೆ ತೆರೆದರು, ತೆರೆಯುವಾಗ ಮೊಹರು ಸರಿಯಾಗಿತ್ತೆಂದು ಯಾರು ಸಹಿ ಹಾಕಿದ್ದಾರೆ?" ಎಂದು ಕೇಳಿದರೆ ಉತ್ತರದಲ್ಲಿ ವಸ್ತುವಿರುತ್ತದೆ. ಉತ್ತರ ಬರದಿದ್ದರೆ ಅದೂ ನಿಮಗೊಂದು ಸುಳಿವು.

ಈ ದಾರಿಯನ್ನು ತಿಳಿದವರಿಗೆ ಪದಗಳ ವ್ಯತ್ಯಾಸವೂ ತಿಳಿಯುತ್ತದೆ. ಗಂಟೆ ಹೊಡೆಯುವ ಮೊದಲು ಪತ್ರಿಕೆ ಹೊರಬಿದ್ದರೆ ಅದು ಸೋರಿಕೆ. ಪರೀಕ್ಷೆ ಆರಂಭವಾಗಿ ಇಪ್ಪತ್ತು ನಿಮಿಷಕ್ಕೆ ಕೊಠಡಿಯೊಳಗಿನಿಂದ ಯಾರೋ ಮೊಬೈಲಿನಲ್ಲಿ ತೆಗೆದ ಚಿತ್ರ ಹೊರಬಂದರೆ ಅದು ಪರೀಕ್ಷಾ ಅಕ್ರಮ. ಅದೂ ಅಪರಾಧವೇ, ಅದೂ ಸುದ್ದಿಯೇ. ಆದರೆ ಅದರ ವ್ಯಾಪ್ತಿ ಆ ಕೊಠಡಿಯದೋ ಆ ಕೇಂದ್ರದ್ದೋ ಆಗಿರಬಹುದು. ಶಿಕ್ಷಕರೊಬ್ಬರು "ಇವು ಬರುವ ಸಾಧ್ಯತೆಯಿದೆ" ಎಂದು ಬರೆದುಕೊಟ್ಟ ಹತ್ತು ಪ್ರಶ್ನೆಗಳಲ್ಲಿ ನಾಲ್ಕು ಬಂದರೆ ಅದು ಒಳ್ಳೆಯ ಊಹೆ. ಮೂರಕ್ಕೂ "ಸೋರಿಕೆ" ಎಂದು ಒಂದೇ ಶೀರ್ಷಿಕೆ ಕೊಟ್ಟರೆ, ರಾಜ್ಯದ ಲಕ್ಷಾಂತರ ಮಕ್ಕಳು ಮರುಪರೀಕ್ಷೆ ಬರೆಯಬೇಕಾಗಬಹುದು ಎಂಬ ಅರ್ಥವನ್ನು ಮೂರಕ್ಕೂ ಅಂಟಿಸಿದಂತಾಗುತ್ತದೆ.

ಊಹೆಯನ್ನೂ ಸೋರಿಕೆಯನ್ನೂ ಬೇರ್ಪಡಿಸುವುದು ಹೇಗೆ? ಪರೀಕ್ಷೆ ಮುಗಿದ ಮೇಲೆ ನಿಜವಾದ ಪತ್ರಿಕೆ ಕೈಗೆ ಸಿಗುತ್ತದೆ. ಎರಡನ್ನೂ ಅಕ್ಕಪಕ್ಕ ಇಡಿ. ವಿಷಯ ಹೊಂದುತ್ತದೆಯೇ ಎಂದು ನೋಡಬೇಡಿ, ಪಠ್ಯಪುಸ್ತಕ ಒಂದೇ ಆದ್ದರಿಂದ ವಿಷಯ ಹೊಂದಿಯೇ ಹೊಂದುತ್ತದೆ. ಲೆಕ್ಕದಲ್ಲಿರುವ ಅಂಕಿಗಳು ಅವೇ ಇವೆಯೇ, ಪ್ರಶ್ನೆಗಳ ಕ್ರಮ ಅದೇ ಇದೆಯೇ, ಆಯ್ಕೆಯ ಉತ್ತರಗಳು ಅದೇ ಸರದಿಯಲ್ಲಿವೆಯೇ, ಮೂಲದಲ್ಲಿ ಅಚ್ಚಿನ ತಪ್ಪಿದ್ದರೆ ಆ ತಪ್ಪು ಇಲ್ಲಿಯೂ ಇದೆಯೇ ಎಂದು ನೋಡಿ. ಕೈಬರಹದ ಪ್ರತಿಯಾದರೂ ಈ ಪರೀಕ್ಷೆ ಸಾಧ್ಯ. ಊಹಿಸುವವನಿಗೆ ವಿಷಯ ಸಿಗುತ್ತದೆ, ಕ್ರಮ ಸಿಗುವುದಿಲ್ಲ.

ಆದರೆ ಪತ್ರಿಕೆ ಪೂರ್ತಿ ಹೊಂದಿತು ಎಂದ ಮಾತ್ರಕ್ಕೆ ಸೋರಿಕೆ ಸಾಬೀತಾಗುವುದಿಲ್ಲ. ನಾನು ಇಂದು ಹೇಳಬೇಕೆಂದು ಬಂದಿರುವುದು ಮುಖ್ಯವಾಗಿ ಇದನ್ನೇ. ಪರೀಕ್ಷೆ ಮುಗಿದ ಮೇಲೆ ನಿಜವಾದ ಪತ್ರಿಕೆಯ ಚಿತ್ರ ಎಲ್ಲರ ಬಳಿಯೂ ಇರುತ್ತದೆ. ಅದು ಹೊಂದದೆ ಇನ್ನೇನಾದೀತು? ಸಾಬೀತಾಗಬೇಕಿರುವುದು ಹೊತ್ತು. ಈ ಚಿತ್ರ ಗಂಟೆ ಹೊಡೆಯುವ ಮೊದಲು ಯಾರ ಕೈಯಲ್ಲಿತ್ತು?

ಈ ಒಂದು ಪ್ರಶ್ನೆ ತಪ್ಪಿದಾಗ ಏನಾಗುತ್ತದೆಂಬುದಕ್ಕೆ 2024ರ ಯುಜಿಸಿ-ನೆಟ್ ಪರೀಕ್ಷೆಗಿಂತ ದೊಡ್ಡ ಉದಾಹರಣೆ ನಮ್ಮ ದೇಶದಲ್ಲಿಲ್ಲ. ಆ ವರ್ಷ ಜೂನ್ 18ರಂದು ಎರಡು ಪಾಳಿಗಳಲ್ಲಿ ನಡೆದ ಪರೀಕ್ಷೆಯನ್ನು ದೇಶದಾದ್ಯಂತ ಒಂಬತ್ತು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ಬರೆದರು. ಕನ್ನಡ ಎಂ.ಎ. ಮಾಡಿ ಸಹಾಯಕ ಪ್ರಾಧ್ಯಾಪಕರಾಗಬೇಕೆಂದುಕೊಂಡವರೂ ಬರೆಯುವ ಪರೀಕ್ಷೆಯಿದು, ಅದರಲ್ಲಿ ಕನ್ನಡವೂ ಒಂದು ವಿಷಯ. ಮರುದಿನವೇ ಕೇಂದ್ರ ಸರ್ಕಾರ ಪರೀಕ್ಷೆಯನ್ನು ರದ್ದು ಮಾಡಿತು. ಸೈಬರ್ ಅಪರಾಧ ತಡೆಯುವ ಕೇಂದ್ರದ ಘಟಕದಿಂದ ಮಾಹಿತಿ ಬಂದಿದೆ ಎಂದಿತು. ಅದರ ಮರುದಿನ ಶಿಕ್ಷಣ ಸಚಿವ ಧರ್ಮೇಂದ್ರ ಪ್ರಧಾನ್ ಅವರು, ಡಾರ್ಕ್‌ನೆಟ್‌ನಲ್ಲಿ ಸಿಕ್ಕ ಪತ್ರಿಕೆ ಮೂಲ ಪತ್ರಿಕೆಯೊಂದಿಗೆ ಹೊಂದಿಕೆಯಾಗಿದೆ ಎಂದು ಹೇಳಿದರು. ತನಿಖೆಯನ್ನು ಸಿಬಿಐಗೆ ಒಪ್ಪಿಸಲಾಯಿತು.

ಸಿಬಿಐ ಕಂಡುಕೊಂಡದ್ದು ಏನು? ಸೋರಿಕೆಗೆ ಪುರಾವೆಯೆಂದು ಟೆಲಿಗ್ರಾಂನಲ್ಲಿ ಹರಿದಾಡಿದ ಸ್ಕ್ರೀನ್‌ಶಾಟ್ ತಿದ್ದಿದ್ದು. ಮೊದಲ ಪಾಳಿ ಮುಗಿದ ಮೇಲೆ, ಜೂನ್ 18ರ ಮಧ್ಯಾಹ್ನ ಹೊರಬಂದ ಪತ್ರಿಕೆಯ ಚಿತ್ರವನ್ನು, ಪರೀಕ್ಷೆಗೆ ಮೊದಲೇ ಬಂದಿತ್ತೆಂದು ಕಾಣುವಂತೆ ಮಾಡಲಾಗಿತ್ತು. ಪತ್ರಿಕೆ ಅಸಲಿ, ಹೊತ್ತು ನಕಲಿ. 2025ರ ಜನವರಿಯಲ್ಲಿ ಸಿಬಿಐ ಪ್ರಕರಣ ಮುಕ್ತಾಯದ ವರದಿಯನ್ನು ನ್ಯಾಯಾಲಯಕ್ಕೆ ಸಲ್ಲಿಸಿತು. ಅಷ್ಟರಲ್ಲಿ ಆ ಲಕ್ಷಾಂತರ ಮಂದಿಗೆ ಆಗಸ್ಟ್ 21ರಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಮರುಪರೀಕ್ಷೆ ನಡೆದು, ಫಲಿತಾಂಶವೂ ಬಂದಾಗಿತ್ತು.

ಇಲ್ಲಿ "ಹೊಂದಿಕೆಯಾಗಿದೆ" ಎಂಬ ಮಾತು ಸುಳ್ಳಾಗಿರಲಿಲ್ಲ ಎಂಬುದನ್ನು ಗಮನಿಸಿ. ಅದು ಅಪೂರ್ಣವಾಗಿತ್ತು. ಹೊತ್ತಿನ ಬಗ್ಗೆ ಆ ಮಾತು ಏನನ್ನೂ ಹೇಳುತ್ತಿರಲಿಲ್ಲ. ಪತ್ರಿಕಾಗೋಷ್ಠಿಯಲ್ಲಿ ಕುಳಿತ ವರದಿಗಾರರ ಕೆಲಸ ಆ ಜಾಗದಲ್ಲಿ ಬೆರಳಿಡುವುದು: "ಅದು ಪರೀಕ್ಷೆಗೆ ಮೊದಲೇ ಅಲ್ಲಿತ್ತೆಂದು ತೋರಿಸುವ ದಾಖಲೆ ಯಾವುದು?"

ಟೆಲಿಗ್ರಾಂನ ತಂತ್ರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ಪ್ರತಿ ಪರೀಕ್ಷೆಯಲ್ಲೂ ಬರುತ್ತದೆ. ಅಲ್ಲಿ ಚಾನೆಲ್ ನಡೆಸುವವನು ಒಮ್ಮೆ ಹಾಕಿದ ಸಂದೇಶವನ್ನು ಆಮೇಲೆ ತಿದ್ದಬಹುದು, ಚಿತ್ರವನ್ನೇ ಬದಲಿಸಬಹುದು. ಹಿಂದಿನ ರಾತ್ರಿ ಯಾವುದೋ ಹಳೆಯ ಪತ್ರಿಕೆಯ ಚಿತ್ರ ಹಾಕುತ್ತಾನೆ. ಮರುದಿನ ಪರೀಕ್ಷೆ ಮುಗಿದು ನಿಜವಾದ ಪತ್ರಿಕೆ ಸಿಕ್ಕ ಮೇಲೆ ಹಳೆಯದನ್ನು ತೆಗೆದು ಅದೇ ಜಾಗದಲ್ಲಿ ಹೊಸದನ್ನು ಕೂರಿಸುತ್ತಾನೆ. ಸಂದೇಶದ ಮೇಲೆ ಹಿಂದಿನ ರಾತ್ರಿಯ ಹೊತ್ತೇ ಉಳಿಯುತ್ತದೆ. ತಿದ್ದಿದೆ ಎಂಬುದಕ್ಕೆ ಪಕ್ಕದಲ್ಲಿ `edited` ಎಂಬ ಸಣ್ಣ ಗುರುತು ಬರುತ್ತದೆ, ಸ್ಕ್ರೀನ್‌ಶಾಟ್ ತೆಗೆದವನು ಅದನ್ನು ಅಳಿಸಿ ಹಂಚುತ್ತಾನೆ. ಇದರ ಉದ್ದೇಶ ಬಹುಪಾಲು ಹಣ. "ನೋಡಿ, ನಿನ್ನೆಯೇ ಕೊಟ್ಟಿದ್ದೆವು, ಮುಂದಿನ ಪತ್ರಿಕೆಗೆ ಇಷ್ಟು ಕಳಿಸಿ" ಎಂದು ಹೆದರಿದ ಮಕ್ಕಳಿಂದ ಕೀಳುವುದು. ನಾವು ಆ ಸ್ಕ್ರೀನ್‌ಶಾಟನ್ನು ಮುಖಪುಟದಲ್ಲಿ ಹಾಕಿದರೆ ಆ ವಂಚಕನಿಗೆ ಪುಕ್ಕಟೆ ಜಾಹೀರಾತು ಕೊಟ್ಟ ಹಾಗೆ. 2024ರ ನೀಟ್ ಪ್ರಕರಣದಲ್ಲೂ ಮೇ 4ರ ದಿನಾಂಕ ತೋರಿಸುವ ಟೆಲಿಗ್ರಾಂ ಚಿತ್ರವೊಂದು ಓಡಾಡಿತ್ತು. ಅದು ತಿರುಚಿದ್ದು ಎಂದು ಪರೀಕ್ಷೆ ನಡೆಸಿದ ಸಂಸ್ಥೆ ಸುಪ್ರೀಂ ಕೋರ್ಟಿಗೆ ತಿಳಿಸಿತು.

ವಾಟ್ಸ್‌ಆ್ಯಪ್‌ನಲ್ಲಿ ತೊಡಕು ಬೇರೆ ರೀತಿಯದು. ಅಲ್ಲಿ ಚಿತ್ರವಾಗಿ ಕಳಿಸಿದರೆ, ಕ್ಯಾಮೆರಾ ಅದರೊಳಗೆ ಬರೆದಿಟ್ಟ ದಿನಾಂಕ, ಹೊತ್ತಿನ ವಿವರಗಳು ಅಳಿಸಿಹೋಗುತ್ತವೆ. ನಿಮಗೆ ಕಾಣುವ ಹೊತ್ತು ನಿಮಗೆ ತಲುಪಿದ ಹೊತ್ತು ಮಾತ್ರ. ಆದ್ದರಿಂದ ಕಳಿಸಿದವರ ಬಳಿ ಹೋಗಿ, ಅವರ ಮೊಬೈಲನ್ನೇ ನೋಡಿ. ಅವರಿಗೆ ಯಾರು, ಎಷ್ಟು ಹೊತ್ತಿಗೆ ಕಳಿಸಿದರು? ಆ ಯಾರೋ ಎನ್ನುವವರಿಗೆ? ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗಬೇಕು. ಪರಸ್ಪರ ಪರಿಚಯವಿಲ್ಲದ ಇಬ್ಬರು ಮೂವರ ಮೊಬೈಲುಗಳಲ್ಲಿ, ಬೇರೆ ಬೇರೆ ದಾರಿಯಿಂದ, ಗಂಟೆಗೆ ಮೊದಲಿನ ಹೊತ್ತಿನೊಂದಿಗೆ ಅದೇ ಪತ್ರಿಕೆ ಇದ್ದರೆ ನಿಮ್ಮ ಕೈಯಲ್ಲಿ ಸುದ್ದಿಯಿದೆ. ಒಂದು ಸ್ಕ್ರೀನ್‌ಶಾಟ್ ಮಾತ್ರ ಇದ್ದರೆ ಸುದ್ದಿಯ ಬೆನ್ನುಹತ್ತಲು ಒಂದು ಕಾರಣವಿದೆ, ಅಷ್ಟೇ.

ಇನ್ನು ಅಧಿಕಾರಿಗಳ ಮಾತು. "ಅಧಿಕೃತ ದೃಢೀಕರಣ ಬರುವವರೆಗೆ ಕಾಯಿರಿ" ಎಂದು ಹಿರಿಯರು ನಮಗೆ ಹೇಳಿಕೊಟ್ಟಿದ್ದಾರೆ. ಅದು ಅರ್ಧ ಪಾಠ. ಇದೇ ನೀಟ್ ಪರೀಕ್ಷೆ 2024ರ ಮೇ 5ರಂದು ನಡೆದಾಗ, ಸೋರಿಕೆಯ ಮಾತುಗಳು ಆಧಾರರಹಿತ ಎಂದು ಪರೀಕ್ಷಾ ಸಂಸ್ಥೆ ಕೂಡಲೇ ಹೇಳಿತು. ಆದರೆ ಪಟನಾದಲ್ಲಿ ಪೊಲೀಸರಿಗೆ ಅರೆಸುಟ್ಟ ಪ್ರಶ್ನೆಪತ್ರಿಕೆಯ ತುಣುಕುಗಳು ಸಿಕ್ಕವು. ಆ ತುಣುಕುಗಳ ಮೇಲಿದ್ದ ಸಂಕೇತ ಸಂಖ್ಯೆಯ ಜಾಡು ಹಿಡಿದು ಹೊರಟರೆ ಅದು ಜಾರ್ಖಂಡಿನ ಹಜಾರಿಬಾಗ್‌ನ ಒಂದು ಪರೀಕ್ಷಾ ಕೇಂದ್ರಕ್ಕೆ ತಲುಪಿತು. ಪರೀಕ್ಷೆಯ ದಿನ ಬೆಳಿಗ್ಗೆ ಅಲ್ಲಿ ಪೆಟ್ಟಿಗೆ ತೆರೆದು ಪತ್ರಿಕೆಯ ಚಿತ್ರ ತೆಗೆಯಲಾಗಿತ್ತು ಎಂದು ಸಿಬಿಐ ಹೇಳಿತು. ಜುಲೈ 23ರಂದು ಸುಪ್ರೀಂ ಕೋರ್ಟ್, ಹಜಾರಿಬಾಗ್ ಮತ್ತು ಪಟನಾದಲ್ಲಿ ಸೋರಿಕೆಯಾಗಿರುವುದು ವಿವಾದಾತೀತ ಎಂದಿತು. ಜೊತೆಗೆ, ಇಡೀ ಪರೀಕ್ಷೆಯ ಪಾವಿತ್ರ್ಯವೇ ಕೆಟ್ಟಿದೆ ಎನ್ನಲು ಆಧಾರವಿಲ್ಲ ಎಂದು ಮರುಪರೀಕ್ಷೆಯನ್ನು ನಿರಾಕರಿಸಿತು. 23 ಲಕ್ಷಕ್ಕೂ ಹೆಚ್ಚು ಮಂದಿ ಬರೆದ ಪರೀಕ್ಷೆಯಲ್ಲಿ ಆ ಎರಡು ಊರುಗಳ ಕೇಂದ್ರಗಳ 155 ಅಭ್ಯರ್ಥಿಗಳು ಲಾಭ ಪಡೆದಂತೆ ಕಾಣುತ್ತದೆ ಎಂಬುದು ಆ ಹೊತ್ತಿಗೆ ತನಿಖೆಯಲ್ಲಿ ಕಂಡದ್ದು.

ಒಂದೇ ಬೇಸಿಗೆಯಲ್ಲಿ, ಆಗಿದ್ದ ಸೋರಿಕೆಯನ್ನು ಅಧಿಕೃತವಾಗಿ ಅಲ್ಲಗಳೆದರು. ಸಾಬೀತಾಗದ ಸೋರಿಕೆಯನ್ನು ಅಧಿಕೃತವಾಗಿಯೇ ನಂಬಿ ಪರೀಕ್ಷೆ ರದ್ದು ಮಾಡಿದರು. ಹೀಗಿರುವಾಗ ಅಧಿಕೃತ ಹೇಳಿಕೆಯನ್ನು ನಾವು ಏನು ಮಾಡಬೇಕು? ಅದನ್ನು ಅವರ ಹೇಳಿಕೆಯಾಗಿಯೇ ಬರೆಯಬೇಕು: ಯಾರು ಹೇಳಿದರು, ಎಷ್ಟು ಹೊತ್ತಿಗೆ ಹೇಳಿದರು, ಯಾವ ಆಧಾರ ಕೊಟ್ಟರು, ಯಾವ ಆಧಾರ ಕೊಡಲಿಲ್ಲ. "ಸೋರಿಕೆಯಾಗಿಲ್ಲ" ಎಂದು ನಾವು ಬರೆಯುವುದಕ್ಕೂ "ಸೋರಿಕೆಯಾಗಿಲ್ಲ ಎಂದು ಉಪನಿರ್ದೇಶಕರು ಬೆಳಿಗ್ಗೆ 9.45ಕ್ಕೆ ತಿಳಿಸಿದರು, ಬಂಡಲುಗಳ ಮೊಹರಿನ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರಿಸಲಿಲ್ಲ" ಎಂದು ಬರೆಯುವುದಕ್ಕೂ ಇರುವ ದೂರ ಬಹಳ.

ವಿದ್ಯಾರ್ಥಿಗಳ ಮೇಲಾಗುವ ಪರಿಣಾಮವನ್ನು ಬರೆಯುವಾಗಲೂ ಇದೇ ಎಚ್ಚರ ಬೇಕು. ಸೋರಿಕೆಯ ಸುದ್ದಿಗೆ ಪುರಾವೆ ಕೇಳುವ ನಾವೇ ಪರಿಣಾಮದ ವರದಿಯಲ್ಲಿ ಸಡಿಲವಾಗುತ್ತೇವೆ. "ವಿದ್ಯಾರ್ಥಿಗಳು ಕಂಗಾಲು", "ಪೋಷಕರಲ್ಲಿ ಆತಂಕ" ಎಂದು ಬರೆದರೆ ಯಾರೂ ಆಕ್ಷೇಪಿಸುವುದಿಲ್ಲ, ಯಾರಿಗೂ ಏನೂ ತಿಳಿಯುವುದೂ ಇಲ್ಲ. 2016ರ ರಸಾಯನಶಾಸ್ತ್ರದ ಮಗುವಿಗೆ ಏನಾಯಿತು ಎಂದು ಲೆಕ್ಕ ಹಾಕಿ ನೋಡಿ. ಪರೀಕ್ಷೆ ಮುಗಿಯಿತೆಂದು ಹಾಸ್ಟೆಲ್ ಖಾಲಿ ಮಾಡುವ ಯೋಚನೆಯಲ್ಲಿದ್ದವನು ಏಪ್ರಿಲ್ 12ರವರೆಗೆ ಉಳಿಯಬೇಕು, ಅದರ ಊಟದ ಖರ್ಚು ಮನೆಯವರು ಹೊರಬೇಕು. ಮೇ ಮೊದಲ ವಾರದಲ್ಲಿ ಸಿಇಟಿ. ಆಗ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕಗಳಿಂದಲೇ ಅರ್ಧ ಪಾಲು, ಹಾಗಾಗಿ ರಸಾಯನಶಾಸ್ತ್ರವನ್ನು ಕೈಬಿಡುವಂತಿಲ್ಲ. ಸಿಇಟಿಗೆ ಇಟ್ಟುಕೊಂಡ ದಿನಗಳನ್ನೇ ಕತ್ತರಿಸಿ ಮೂರನೆಯ ಸಲ ಅದನ್ನು ಓದಬೇಕು. ಮೊದಲ ಸಲ ಚೆನ್ನಾಗಿ ಬರೆದಿದ್ದವನ ಆ ಉತ್ತರಪತ್ರಿಕೆಗೆ ಬೆಲೆಯೇ ಇಲ್ಲ. ಇಷ್ಟನ್ನೂ ಒಬ್ಬ ವಿದ್ಯಾರ್ಥಿಯ ಬಳಿ ಅರ್ಧ ಗಂಟೆ ಕುಳಿತು ಕೇಳಿ ಬರೆಯಬಹುದು. ಇದರಲ್ಲಿ ಒಂದಕ್ಷರವೂ ಗಾಳಿಸುದ್ದಿಯಲ್ಲ.

ನನಗೆ ಅತಿ ಹೆಚ್ಚು ನೋವು ಕೊಡುವ ವಿಷಯವನ್ನು ಈಗ ಹೇಳಬೇಕು. ಪರೀಕ್ಷೆ ರದ್ದಾದ ದಿನಗಳಲ್ಲಿ ಎಲ್ಲೋ ಒಬ್ಬ ವಿದ್ಯಾರ್ಥಿ ಪ್ರಾಣ ಕಳೆದುಕೊಂಡ ಎಂಬ ಸಂದೇಶಗಳು ಹರಿದಾಡುತ್ತವೆ. ಕೆಲವು ಹಳೆಯ ಘಟನೆಗಳು, ಕೆಲವು ಬೇರೆ ರಾಜ್ಯದವು, ಕೆಲವು ನಡೆದೇ ಇಲ್ಲ. ಪೊಲೀಸರಿಂದಲೂ ಮನೆಯವರಿಂದಲೂ ಖಚಿತವಾಗದೆ ಒಂದು ಸಾಲನ್ನೂ ಬರೆಯಬೇಡಿ. ಖಚಿತವಾದರೂ "ಸೋರಿಕೆಯಿಂದ ಮನನೊಂದು" ಎಂದು ಒಂದೇ ಕಾರಣವನ್ನು ತೀರ್ಮಾನಿಸಬೇಡಿ, ವಿಧಾನವನ್ನು ವಿವರಿಸಬೇಡಿ, ಅದನ್ನು ಮುಖಪುಟದ ದೊಡ್ಡ ಶೀರ್ಷಿಕೆ ಮಾಡಬೇಡಿ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಈ ಬಗ್ಗೆ ಮಾರ್ಗಸೂಚಿಯನ್ನು ಒಪ್ಪಿಕೊಂಡಿದೆ. ಪರೀಕ್ಷೆಯ ಗೊಂದಲದ ಪ್ರತಿ ವರದಿಯ ಕೊನೆಯಲ್ಲಿ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಹಾಕಿ. ಅದಕ್ಕೆ ಬೇಕಾಗುವುದು ಅರ್ಧ ಸಾಲು ಜಾಗ.

ಮಕ್ಕಳ ಗುರುತಿನ ವಿಷಯವೂ ಇದೆ. ಯಾವುದೋ ಮಗುವಿನ ಮೊಬೈಲಿನಲ್ಲಿ ಆ ಚಿತ್ರ ಸಿಕ್ಕಿತೆಂದರೆ ಆ ಮಗು ಆರೋಪಿಯಾಗಿಬಿಡುವುದಿಲ್ಲ, ಯಾರೋ ಕಳಿಸಿದ್ದು ಅದರ ಮೊಬೈಲಿಗೂ ಬಂದಿದೆ. ಎಸ್ಸೆಸ್ಸೆಲ್ಸಿ ಬರೆಯುವವರಲ್ಲಿ ಹೆಚ್ಚಿನವರು ಹದಿನೆಂಟು ತುಂಬದವರು. ಪ್ರಕರಣದಲ್ಲಿ ಸಿಕ್ಕ ಮಗುವಾಗಲಿ, ಸಾಕ್ಷಿಯಾಗುವ ಮಗುವಾಗಲಿ, ಹೆಸರು, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸುವುದಕ್ಕೆ ಬಾಲನ್ಯಾಯ ಕಾಯ್ದೆ ಅವಕಾಶ ಕೊಡುವುದಿಲ್ಲ. "ಪಟ್ಟಣದ ಪ್ರತಿಷ್ಠಿತ ಶಾಲೆಯ ವೈದ್ಯರ ಮಗ" ಎಂದು ಬರೆದರೆ ಹೆಸರು ಬರೆದ ಹಾಗೆಯೇ, ನಮ್ಮ ಊರುಗಳಲ್ಲಿ ಅಷ್ಟು ಸಾಕು.

ಮಾತು ಮುಗಿಸುವ ಮೊದಲು, ಸಭೆ ಆರಂಭವಾಗುವ ಮುಂಚೆ ನಿಮ್ಮಲ್ಲೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ ಪ್ರಶ್ನೆಗೆ ಬರುತ್ತೇನೆ. "ಸರ್, ಪರೀಕ್ಷೆಗೆ ಒಂದು ಗಂಟೆ ಮೊದಲು ನನ್ನ ಕೈಗೆ ಬಂದದ್ದು ನಿಜವಾದ ಪತ್ರಿಕೆಯೇ ಆಗಿದ್ದರೆ? ಖಚಿತವಾಗಲಿ ಎಂದು ಸುಮ್ಮನೆ ಕುಳಿತರೆ ಅನ್ಯಾಯಕ್ಕೆ ನಾನೂ ಪಾಲುದಾರನಾಗುವುದಿಲ್ಲವೇ?"

ಸುಮ್ಮನೆ ಕುಳಿತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಚಿತ್ರ ಬಂದ ಕೂಡಲೇ ಅದನ್ನು ಇಮೇಲ್ ಮೂಲಕ ನಿಮ್ಮ ಸಂಪಾದಕರೊಬ್ಬರಿಗೆ ಮಾತ್ರ ಕಳಿಸಿ. ಗಂಟೆಗೆ ಮೊದಲೇ ಅದು ನಿಮ್ಮ ಬಳಿ ಇತ್ತೆಂಬುದಕ್ಕೆ ಆ ಇಮೇಲ್ ದಾಖಲೆಯಾಗುತ್ತದೆ. ಅದರ ಹೊತ್ತನ್ನು ನೀವು ಆಮೇಲೆ ಬದಲಿಸಲಾರಿರಿ, ನೀವು ಬದಲಿಸಿದಿರಿ ಎಂದು ಇನ್ನೊಬ್ಬರೂ ಹೇಳಲಾರರು. ಮೂಲ ಸಂದೇಶವನ್ನು ಮೊಬೈಲಿನಿಂದ ಅಳಿಸಬೇಡಿ. ನಂತರ ಉಪನಿರ್ದೇಶಕರಿಗೋ ಜಿಲ್ಲಾಧಿಕಾರಿಗೋ ಕರೆ ಮಾಡಿ, ಇಂಥದ್ದೊಂದು ಬಂದಿದೆ ಎಂದು ತಿಳಿಸಿ, ತಿಳಿಸಿದ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನಿಜವಾದ ಪತ್ರಿಕೆ ಅವರಿಗೂ ಲಕೋಟೆ ತೆರೆಯುವವರೆಗೆ ಕಾಣುವುದಿಲ್ಲ, ಆದರೆ ಕ್ರಮ ಕೈಗೊಳ್ಳುವ ಅಧಿಕಾರವಿರುವುದು ಅವರಿಗೇ. ಪ್ರಶ್ನೆಗಳನ್ನು ಪ್ರಕಟಿಸಬೇಡಿ, ಮಸುಕು ಮಾಡಿದ ಚಿತ್ರವನ್ನೂ ಹಾಕಬೇಡಿ. ಮಧ್ಯಾಹ್ನ ಪರೀಕ್ಷೆ ಮುಗಿದು ನಿಜವಾದ ಪತ್ರಿಕೆ ಬಂದ ಮೇಲೆ ಅಕ್ಕಪಕ್ಕ ಇಟ್ಟು ನೋಡಿ. ಕ್ರಮ, ಅಂಕಿಗಳು ಎಲ್ಲವೂ ಹೊಂದಿದರೆ ಆಗ ನಿಮ್ಮ ಬಳಿ ಯಾರೂ ಅಲ್ಲಗಳೆಯಲಾಗದ ಸುದ್ದಿಯಿರುತ್ತದೆ: ಇಷ್ಟು ಹೊತ್ತಿಗೆ ಬಂತು, ಇಷ್ಟು ಹೊತ್ತಿಗೆ ತಿಳಿಸಿದೆವು, ಇಷ್ಟು ಹೊತ್ತಿಗೆ ಪರೀಕ್ಷೆ ಆರಂಭವಾಯಿತು.

ನಾನು ಆ ಗಣಿತ ಪರೀಕ್ಷೆಯ ದಿನ 9.50ಕ್ಕೆ ನಮ್ಮ ಪತ್ರಿಕೆಯ ಜಾಲತಾಣಕ್ಕೆ ಕಳಿಸಿದ ಸಾಲುಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ, ಓದುತ್ತೇನೆ. "ಇಂದಿನ ಗಣಿತ ಪರೀಕ್ಷೆ ನಿಗದಿಯಂತೆ 10.30ಕ್ಕೆ ನಡೆಯಲಿದೆ. ಪರೀಕ್ಷೆ ರದ್ದಾಗಿಲ್ಲ, ವಿದ್ಯಾರ್ಥಿಗಳು ಸಮಯಕ್ಕೆ ಸರಿಯಾಗಿ ಕೊಠಡಿ ಸೇರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುವ ಪುಟ ಕಳೆದ ತಿಂಗಳ ಪೂರ್ವಸಿದ್ಧತಾ ಪರೀಕ್ಷೆಯದು ಎಂದು, ಅದರ ಮೌಲ್ಯಮಾಪನ ಮಾಡಿದ ಶಿಕ್ಷಕರೊಬ್ಬರು ತಿಳಿಸಿದ್ದಾರೆ. ಇದು ಬೆಳಿಗ್ಗೆ 9.50ರವರೆಗಿನ ಮಾಹಿತಿ." ಸೋರಿಕೆ ಎಂಬ ಪದ ಇದರಲ್ಲಿಲ್ಲ. ಆ ಮಧ್ಯಾಹ್ನ ಎರಡೂ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ನೋಡಿ, ಒಂದು ಲೆಕ್ಕವೂ ಹೊಂದುವುದಿಲ್ಲವೆಂದು ಖಚಿತವಾದ ಮೇಲೆ, 2.30ಕ್ಕೆ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆವು.